ಡಬ್ಬಿ ಹೊಸದು, ಒಳಗಿನ ಕಾರ್ಟ್ರಿಜ್ ಹಳೇದು: ಫೋಟೋದಲ್ಲಿ ಏನು ನೋಡಬೇಕು?

ನಮಸ್ಕಾರ. ಈಗ ನೀವು ನೋಡುತ್ತಿರುವುದು ಪ್ರಿಂಟರಿಗೆ ಹಾಕುವ ಎಚ್‌ಪಿ 680 ಕಪ್ಪು ಇಂಕ್ ಕಾರ್ಟ್ರಿಜ್‌ನ ಬೆನ್ನು. ಮುಂಭಾಗವನ್ನು ಎಲ್ಲ ಮಾರಾಟಗಾರರೂ ತೋರಿಸುತ್ತಾರೆ. ಬೆನ್ನನ್ನು ಕೇಳಿ ಪಡೆಯಬೇಕು.

ನನ್ನದು ತಿಪಟೂರಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಹಾಗಾಗಿ ಪರಿಚಯದವರು ಆಗಾಗ ವಾಟ್ಸಾಪ್‌ನಲ್ಲಿ ಕಾರ್ಟ್ರಿಜ್ ಫೋಟೋ ಹಾಕಿ "ಇದು ಒರಿಜಿನಲ್ಲಾ?" ಎಂದು ಕೇಳುತ್ತಾರೆ. ಈ ಸಲ ಕೇಳಿದವರು ಹೈಸ್ಕೂಲ್ ಮೇಷ್ಟ್ರು ಒಬ್ಬರು. ಆನ್‌ಲೈನ್‌ನಲ್ಲಿ ತರಿಸಿದ್ದಾರೆ, ಬೆಲೆ ಸ್ವಲ್ಪ ಕಮ್ಮಿ, ಡಬ್ಬಿ ನೋಡಿದರೆ ಥಳಥಳ. "ಹಾಕಿಬಿಡಲಾ, ಏನಪ್ಪಾ?" ಅಂದರು. "ಟೇಪ್ ಕೀಳಬೇಡಿ ಮೇಷ್ಟ್ರೇ, ಮೊದಲು ಫೋಟೋ ಕಳಿಸಿ" ಅಂದೆ. ಅವರು ಒಪ್ಪಿದ್ದರಿಂದ ಅದೇ ಫೋಟೋಗಳನ್ನು ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಒಂದು ವಿಷಯ. ಈ ಜಾತಿಯ ಕಾರ್ಟ್ರಿಜ್‌ನಲ್ಲಿ ಇಂಕ್ ಮಾತ್ರ ಇರುವುದಿಲ್ಲ, ಪ್ರಿಂಟ್ ಹೆಡ್ಡೂ ಅದರಲ್ಲೇ ಇರುತ್ತದೆ. ಕೆಳಗೆ ಚಿನ್ನದ ಬಣ್ಣದ ಚಿಕ್ಕ ಪಟ್ಟಿ ಕಾಣುತ್ತಿದೆಯಲ್ಲ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಇಂಕ್ ಬರುವುದು ಅಲ್ಲಿಂದ. ಇಂಥ ಹೆಡ್ಡನ್ನು ಯಾರೋ ಶೆಡ್ಡಿನಲ್ಲಿ ಕೂತು ಮಾಡಲು ಆಗುವುದಿಲ್ಲ. ಹಾಗಾಗಿ ನಕಲಿ ಮಾಡುವವನು ಸುಲಭದ ದಾರಿ ಹಿಡಿಯುತ್ತಾನೆ. ಖಾಲಿಯಾದ ಅಸಲಿ ಕಾರ್ಟ್ರಿಜ್ ಕೊಳ್ಳುತ್ತಾನೆ, ಇಂಕ್ ತುಂಬುತ್ತಾನೆ, ಹೊಸ ಡಬ್ಬಿಗೆ ಹಾಕುತ್ತಾನೆ. ಪ್ಲಾಸ್ಟಿಕ್ ಅಸಲಿ, ಅಚ್ಚು ಅಸಲಿ, ಮೇಲಿನ ಅಕ್ಷರಗಳೂ ಅಸಲಿ. "ಸ್ಪೆಲ್ಲಿಂಗ್ ತಪ್ಪಿದೆಯಾ ನೋಡಿ" ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾವು ಹುಡುಕಬೇಕಾದದ್ದು, ಇದನ್ನು ಮೊದಲೇ ಯಾರಾದರೂ ಬಳಸಿದ್ದಾರಾ, ಬಿಚ್ಚಿದ್ದಾರಾ ಅನ್ನುವ ಗುರುತು.

ಹಾಗೆ ನೋಡಿದರೆ ರೀಫಿಲ್ ಮಾಡಿಸುವುದು ತಪ್ಪೇನಲ್ಲ. ನನ್ನ ಅಂಗಡಿಗೂ ರೀಫಿಲ್ ಕೇಳಿಕೊಂಡು ಬರುತ್ತಾರೆ. ರೀಫಿಲ್ ಎಂದು ಹೇಳಿ ಮಾರಿದರೆ ಜಗಳವಿಲ್ಲ. ಹೊಸದರ ಡಬ್ಬಿಗೆ ಹಾಕಿ ಹೊಸದರ ದುಡ್ಡು ತೆಗೆದುಕೊಳ್ಳುವುದು ಮೋಸ.

ಮೇಷ್ಟ್ರ ಮೊದಲ ಫೋಟೋ, ಡಬ್ಬಿಯ ಸೀಲ್. ಎಚ್‌ಪಿ ಡಬ್ಬಿಗಳ ಮೇಲೆ ಹೊಳೆಯುವ ಭದ್ರತಾ ಲೇಬಲ್ ಇರುತ್ತದೆ. ಡಬ್ಬಿಯನ್ನು ಓರೆ ಮಾಡಿದರೆ ಅದರೊಳಗಿನ ಚಿತ್ರ ಬದಲಾಗಬೇಕು. ಒಂದೇ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. ಆದ್ದರಿಂದ ಒಂದೇ ಜಾಗದಿಂದ, ಡಬ್ಬಿಯನ್ನು ಮಾತ್ರ ಓರೆ ಮಾಡಿ, ಎರಡು ಫೋಟೋ ತೆಗೆಸಿಕೊಳ್ಳಿ. ಎರಡರಲ್ಲೂ ಚಿತ್ರ ಒಂದೇ ತರ ಇದ್ದರೆ ಅದು ಬರೀ ಬೆಳ್ಳಿ ಕಾಗದದ ಮೇಲೆ ಮಾಡಿದ ಪ್ರಿಂಟ್. ಲೇಬಲ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ತೆರೆಯುವ ವಿಳಾಸ hp.com ಆಗಿದೆಯಾ ಎಂದೂ ನೋಡಿ. ಆದರೆ ಅಷ್ಟಕ್ಕೇ ನಂಬಬೇಡಿ. ಒಂದು ಅಸಲಿ ಕೋಡನ್ನು ಎಷ್ಟು ಡಬ್ಬಿಗೆ ಬೇಕಾದರೂ ಪ್ರಿಂಟ್ ಹೊಡೆಯಬಹುದು, ಅಲ್ವಾ? ಅಂಗಡಿಯಲ್ಲಿ ಎರಡು ಡಬ್ಬಿ ಇದ್ದರೆ ಎರಡರ ಲೇಬಲ್ ಸಂಖ್ಯೆಯೂ ಒಂದೇ ಫೋಟೋದಲ್ಲಿ ಬರಲಿ. ಎರಡೂ ಒಂದೇ ಆಗಿದ್ದರೆ ಅಲ್ಲಿಗೆ ಮುಗಿಯಿತು.

ಮೇಷ್ಟ್ರ ಡಬ್ಬಿಯ ಲೇಬಲ್ ಸರಿಯಾಗಿಯೇ ಇತ್ತು. ಓರೆ ಮಾಡಿದರೆ ಬದಲಾಗುತ್ತಿತ್ತು. ಆದರೆ ಡಬ್ಬಿಯ ಇನ್ನೊಂದು ತುದಿ ನೋಡಿ. ಮುಚ್ಚಳದ ಅಂಚಿನಲ್ಲಿ ಗೋಂದು ಹೊರಗೆ ಬಂದು ಒಣಗಿದೆ. ಅದರ ಕೆಳಗೆ ಕಾಗದದ ಮೇಲ್ಪದರ ಕಿತ್ತು ಬಂದ ಬಿಳಿ ಗೆರೆ. ಸೀಲ್ ಮುಟ್ಟದೆ ಹಿಂದಿನಿಂದ ಬಿಚ್ಚಿದ್ದಾರೆ. ಅಂದರೆ ಡಬ್ಬಿ ಅಸಲಿ, ಸೀಲೂ ಅಸಲಿ, ಒಳಗಿನದ್ದು ಮಾತ್ರ ಬದಲಾಗಿರಬಹುದು. ಜನ ಸೀಲ್ ಇರುವ ಕಡೆಯ ಫೋಟೋ ಒಂದನ್ನೇ ಕೇಳುತ್ತಾರೆ. ಆರೂ ಮುಖ ಕೇಳಬೇಕು.

ಎರಡನೆಯದು ದಿನಾಂಕ. ಡಬ್ಬಿಯ ಮೇಲೆ ವಾರಂಟಿ ಮುಗಿಯುವ ದಿನ ಇರುತ್ತದೆ, ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಕಾರ್ಟ್ರಿಜ್ ಮೇಲೂ ದಿನಾಂಕ ಹಾಕಿರುತ್ತಾರೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಇಟ್ಟು ಫೋಟೋ ತೆಗೆಯಿರಿ. ಮೇಷ್ಟ್ರ ಕಾರ್ಟ್ರಿಜ್ ಮೇಲಿನ ವರ್ಷ, ಡಬ್ಬಿ ಮೇಲಿದ್ದುದಕ್ಕಿಂತ ಹಿಂದಿನದು. ಎಷ್ಟೋ ಕಡೆ ದಿನಾಂಕವನ್ನೇ ಉಜ್ಜಿ ತೆಗೆದಿರುತ್ತಾರೆ. ಆಗ ಆ ಜಾಗದಲ್ಲಿ ಮಾತ್ರ ಪ್ಲಾಸ್ಟಿಕ್ ಮಂಕಾಗಿ ಕಾಣುತ್ತದೆ. ಡಬ್ಬಿ ಮೇಲೆ ಎಂಆರ್‌ಪಿ, ಆಮದು ಮಾಡಿಕೊಂಡವರ ಹೆಸರು, ತಯಾರಾದ ತಿಂಗಳು ಇರುವ ಚೀಟಿಯನ್ನೂ ನೋಡಿ. 2011ರ ಪ್ಯಾಕೇಜ್ ವಸ್ತುಗಳ ನಿಯಮದ ಪ್ರಕಾರ ಇಲ್ಲಿ ಮಾರುವ ಆಮದು ಡಬ್ಬಿಯ ಮೇಲೆ ಅದು ಇರಲೇಬೇಕು. ಇಲ್ಲದಿದ್ದರೆ ಬೇರೆ ದೇಶಕ್ಕೆ ಎಂದು ಮಾಡಿದ ಸರಕೂ ಆಗಿರಬಹುದು, ನಕಲಿಯೂ ಆಗಿರಬಹುದು. ಚೀಟಿ ಒಂದರಿಂದಲೇ ತೀರ್ಮಾನ ಮಾಡಲು ಆಗದು.

ಈಗ ಕಾರ್ಟ್ರಿಜ್ ಮೇಲ್ಭಾಗದ ಲೇಬಲ್. ಇದರ ಕೆಳಗೆ ಸಣ್ಣ ತೂತುಗಳೂ ಅವುಗಳಿಗೆ ಗಾಳಿ ಹೋಗಲು ಕೂದಲೆಳೆಯಂಥ ಕಾಲುವೆಗಳೂ ಇರುತ್ತವೆ. ಒಳಗಿನ ಸ್ಪಂಜಿನಿಂದ ಇಂಕ್ ಕೆಳಗಿಳಿದಷ್ಟೂ ಗಾಳಿ ಈ ದಾರಿಯಲ್ಲಿ ಒಳಗೆ ಹೋಗಬೇಕು. ಇಂಕ್ ತುಂಬುವವನು ಲೇಬಲ್ ಎಬ್ಬಿಸಿ, ಅದೇ ತೂತಿನಲ್ಲಿ ಸಿರಿಂಜ್ ಸೂಜಿ ಇಳಿಸುತ್ತಾನೆ. ಆಮೇಲೆ ಲೇಬಲ್ ಮತ್ತೆ ಒತ್ತುತ್ತಾನೆ. ಅದು ಕಿತ್ತು ಮತ್ತೆ ಅಂಟಿಸಿದ ಸ್ಟಿಕ್ಕರ್ ಬಿಂದಿಯ ಹಾಗೆ, ಅಂಚು ಸರಿಯಾಗಿ ಕೂರುವುದೇ ಇಲ್ಲ. ಫೋಟೋ ದೊಡ್ಡದು ಮಾಡಿ. ಮೂಲೆಯಲ್ಲಿ ಮಡಿಕೆ ಇದೆ, ಅಂಚಿಗೆ ಧೂಳು ಹಿಡಿದಿದೆ. ನಡುವೆ ಒಂದು ಕಡೆ ಸ್ವಲ್ಪ ಒಳಗೆ ಕುಸಿದಿದೆ. ಕೆಳಗಿನ ತೂತನ್ನು ಸೂಜಿ ದೊಡ್ಡದು ಮಾಡಿರುವುದರಿಂದ ಹೀಗಾಗುತ್ತದೆ.

ಹೀಗೆ ತುಂಬಿದ ಕಾರ್ಟ್ರಿಜ್ ಕೆಲವೊಮ್ಮೆ ಮೊದಲ ಪುಟ ಕಡುಕಪ್ಪಾಗಿ ಹೊಡೆದು, ಆಮೇಲೆ ಪುಟದ ಮಧ್ಯದಲ್ಲೇ ತೆಳುವಾಗುವುದೂ ಇದಕ್ಕೇ. ಕಾಲುವೆಯ ಮೇಲೆ ಗೋಂದು ಕೂತು ಗಾಳಿ ನಿಂತರೆ ಇಂಕೂ ನಿಲ್ಲುತ್ತದೆ. ಒಳಗೆ ಇಂಕ್ ತುಂಬಿದ್ದರೂ ಕಾಗದದ ಮೇಲೆ ಬರುವುದಿಲ್ಲ.

ಇನ್ನು ನಾನು ಶುರುವಿನಲ್ಲಿ ತೋರಿಸಿದ ಬೆನ್ನು. ಇಲ್ಲಿ ಸಾಲಾಗಿ ಇರುವ ತಾಮ್ರದ ಬಣ್ಣದ ಚುಕ್ಕೆಗಳೇ ವಿದ್ಯುತ್ ಸಂಪರ್ಕದ ಜಾಗ. ಕಾರ್ಟ್ರಿಜ್ ಕೂರಿಸುವಾಗ ಪ್ರಿಂಟರ್ ಒಳಗಿನ ಸ್ಪ್ರಿಂಗ್ ಪಿನ್ನುಗಳು ಈ ಚುಕ್ಕೆಗಳ ಮೇಲೆ ಒತ್ತಿ ಸ್ವಲ್ಪ ಜಾರುತ್ತವೆ. ಪ್ರತಿ ಚುಕ್ಕೆಯ ಮೇಲೆ ಒಂದು ಸಣ್ಣ ಕುಳಿ ಅಥವಾ ಗೀರು ಬೀಳುತ್ತದೆ. ತೊಳೆದರೆ, ಒರೆಸಿದರೆ ಅದು ಹೋಗುವುದಿಲ್ಲ. ನಕಲಿ ಮಾಡುವವನು ಲೇಬಲ್ ಹೊಸದು ಅಂಟಿಸಬಹುದು, ಡಬ್ಬಿ ಹೊಸದು ತರಬಹುದು. ಈ ಗೀರನ್ನು ಅಳಿಸುವುದು ಕಷ್ಟ. ಎಲ್ಲ ಫೋಟೋಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ.

ಅಲ್ಲಲ್ಲಿ ಒಂದು ಮಸುಕು ಗುರುತು ಇದ್ದರೆ ನಾನು ಸಂಶಯಪಡುವುದಿಲ್ಲ. ಆದರೆ ಮೇಷ್ಟ್ರ ಕಾರ್ಟ್ರಿಜ್ ನೋಡಿ. ಒಂದೊಂದು ಚುಕ್ಕೆಯ ಮೇಲೂ ಅಕ್ಕಪಕ್ಕದಲ್ಲಿ ಗೀರುಗಳಿವೆ, ಒಂದರ ಮೇಲೊಂದು ಹಾದುಹೋಗಿವೆ. ಅಂದರೆ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ್ದಾರೆ. ಹೊಸ ಕಾರ್ಟ್ರಿಜ್‌ಗೆ ಹೀಗಾಗುವ ಕಾರಣವೇ ಇಲ್ಲ.

ಇದನ್ನು ಫೋಟೋದಲ್ಲಿ ಹಿಡಿಯಲು ಬೆಳಕು ಮುಖ್ಯ. ಫ್ಲ್ಯಾಷ್ ಹಾಕಿದರೆ ತಾಮ್ರ ಹೊಳೆದು ಏನೂ ಕಾಣುವುದಿಲ್ಲ. ಫ್ಲ್ಯಾಷ್ ಆಫ್ ಮಾಡಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ, ತೀರಾ ಕೆಳಗಿಟ್ಟು ಹಿಡಿಯಿರಿ. ಆಗ ಗೀರಿನ ನೆರಳು ಎದ್ದು ಕಾಣುತ್ತದೆ. ತೀರಾ ಹತ್ತಿರ ಹೋಗಬೇಡಿ, ಫೋಕಸ್ ತಪ್ಪುತ್ತದೆ. ಸ್ವಲ್ಪ ದೂರದಿಂದ ಎರಡು ಪಟ್ಟು ಜೂಮ್ ಸಾಕು. ಮತ್ತೆ, ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಅದು ಫೋಟೋವನ್ನು ಕುಗ್ಗಿಸಿಬಿಡುತ್ತದೆ, ಗೀರು ಕಲೆ ಎಲ್ಲ ಒಂದೇ ಆಗಿ ಕಾಣುತ್ತವೆ.

ಕೆಳಗಿನ ಟೇಪ್ ಬಗ್ಗೆ ಚುಟುಕಾಗಿ. ಹೊಸದರಲ್ಲಿ ಅದು ಹೆಡ್ ಮೇಲೆ ನೆಟ್ಟಗೆ, ಗುಳ್ಳೆ ಇಲ್ಲದೆ ಕೂತಿರುತ್ತದೆ. ಕೀಳಲು ಬಣ್ಣದ ಬಾಲ ಇರುತ್ತದೆ. ಓರೆಯಾಗಿ ಅಂಟಿಸಿದ ಸಾದಾ ಟೇಪ್, ಅದರ ಕೆಳಗೆ ಹರಡಿ ಒಣಗಿದ ಇಂಕ್ ಕಂಡರೆ ಕೈಯಿಂದ ಮಾಡಿದ ಕೆಲಸ. ಟೇಪ್ ಬದಲು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ ಹಾಕಿದ್ದರೆ ಅದು ರೀಫಿಲ್ ಮಾಡುವವರ ರೂಢಿ.

ಹಾಗಾದರೆ ಕಾರ್ಟ್ರಿಜ್ ಯಾವುದೆಂದು ಪ್ರಿಂಟರಿಗೆ ತಿಳಿಸುವ ಚಿಪ್ ಎಲ್ಲಿ ಎಂದು ಕೇಳುತ್ತೀರಿ. 680ರಲ್ಲಿ ಬೇರೆ ಚಿಪ್ ಅಂಟಿಸಿರುವುದಿಲ್ಲ. ಆಫೀಸುಗಳಲ್ಲಿ ಬಳಸುವ ಎಚ್‌ಪಿ 955 ತರದ, ಬಣ್ಣಕ್ಕೊಂದರಂತೆ ಬೇರೆ ಬೇರೆಯಾಗಿ ಬರುವ ಕಾರ್ಟ್ರಿಜ್‌ಗಳಲ್ಲಿ ಇರುತ್ತದೆ. ಅಲ್ಲಿ ಹೆಡ್ ಪ್ರಿಂಟರಿನಲ್ಲೇ ಇದೆ, ಕಾರ್ಟ್ರಿಜ್ ಬರೀ ಇಂಕಿನ ಟ್ಯಾಂಕ್. ಹೀಗಾಗಿ ಹೊರಕವಚವನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾಡಬಹುದು. ಅಚ್ಚಿನ ಎರಡು ಭಾಗ ಸೇರುವ ಗೆರೆ ಉಗುರಿಗೆ ತಗುಲುವಷ್ಟು ಎದ್ದಿದೆಯಾ, ಅಂಚಿನಲ್ಲಿ ಪ್ಲಾಸ್ಟಿಕ್ ಚೂರು ಉಳಿದಿದೆಯಾ ಎಂದು ನೋಡಬೇಕಾದದ್ದು ಇಲ್ಲಿ. ಪಕ್ಕದಲ್ಲಿ ನಿಮ್ಮ ಹಳೆಯ ಅಸಲಿ ಕಾರ್ಟ್ರಿಜ್ ಇಟ್ಟು ಫೋಟೋ ತೆಗೆದರೆ ವ್ಯತ್ಯಾಸ ಬೇಗ ಕಾಣುತ್ತದೆ.

ಚಿಪ್ ಕಥೆ ಮಾತ್ರ ಸ್ವಾರಸ್ಯದ್ದು. 2016ರ ಸೆಪ್ಟೆಂಬರ್ 13ರಂದು ಎಷ್ಟೋ ಎಚ್‌ಪಿ ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆ ಕಂಪನಿ ಚಿಪ್ ಇರುವ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. ಪ್ರಿಂಟರ್ ಸಾಫ್ಟ್‌ವೇರಿನಲ್ಲೇ ಆ ತಪಾಸಣೆ ಇತ್ತು. ನಕಲಿ ಚಿಪ್ ಹಾಕಿದರೆ ಯಾವ ಅಪ್‌ಡೇಟ್‌ಗೆ ಸಾಯುತ್ತದೋ ಹೇಳಲಾಗದು. ಅದಕ್ಕೇ ಹಳೆಯ ಕಾರ್ಟ್ರಿಜ್‌ನಿಂದ ಅಸಲಿ ಚಿಪ್ ಕಿತ್ತು ಅಂಟಿಸುವವರೂ ಇದ್ದಾರೆ. ಅಂಥ ಚಿಪ್ ಮೇಲೂ ಅದೇ ಪಿನ್ ಗೀರುಗಳು. ಜೊತೆಗೆ ಸುತ್ತ ಗೋಂದಿನ ಅಂಚು, ಗುಂಡಿಯಲ್ಲಿ ಸ್ವಲ್ಪ ಓರೆಯಾಗಿ ಕೂತ ಚಿಪ್, ಕೀಳುವಾಗ ಬ್ಲೇಡ್ ತಗುಲಿದ ಮೂಲೆ. ಇನ್ನೊಂದು ಪೇಚು ಇದೆ. ಎಚ್‌ಪಿ ಪ್ರಿಂಟರ್‌ಗಳಲ್ಲಿ ಕಾರ್ಟ್ರಿಜ್ ರಕ್ಷಣೆ ಎಂಬ ಆಯ್ಕೆ ಇದೆ. ಅದು ಆನ್ ಆಗಿದ್ದ ಪ್ರಿಂಟರಿನಲ್ಲಿ ಒಮ್ಮೆ ಬಳಸಿದ ಚಿಪ್ ಇನ್ನೊಂದು ಪ್ರಿಂಟರಿನಲ್ಲಿ ನಡೆಯುವುದಿಲ್ಲ. ಹೊಸದೆಂದು ಕೊಂಡ ಕಾರ್ಟ್ರಿಜ್ ಹಾಕಿದ ಕೂಡಲೇ ಅದು ಬೇರೆ ಪ್ರಿಂಟರಿಗೆ ಬೀಗ ಹಾಕಿದ್ದು ಎಂದು ಸಂದೇಶ ಬಂದರೆ, ಅದರ ಚಿಪ್ ಹಿಂದೆ ಎಲ್ಲೋ ಓಡಿದೆ ಎಂದೇ ಅರ್ಥ.

ಒಂದು ಸಂದರ್ಭದಲ್ಲಿ ದುಡುಕಬೇಡಿ. ಸೆಟಪ್ ಎಂದು ಬರೆದ ಕಾರ್ಟ್ರಿಜ್‌ಗಳು ಡಬ್ಬಿ ಇಲ್ಲದೆ, ಬರೀ ಪೊಟ್ಟಣದಲ್ಲಿ ಸಿಗುತ್ತವೆ. ಅವು ಅಸಲಿಯೇ ಇರಬಹುದು. ಹೊಸ ಪ್ರಿಂಟರ್ ಜೊತೆ ಬರುವಂಥವು. ಆದರೆ ಕೆಲವು ಪ್ರಿಂಟರ್‌ಗಳು ಒಮ್ಮೆ ಶುರುವಾದ ಮೇಲೆ ಇನ್ನೊಂದು ಸೆಟಪ್ ಕಾರ್ಟ್ರಿಜನ್ನು ಒಪ್ಪುವುದಿಲ್ಲ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಕೊಳ್ಳಿ ಎನ್ನುವುದಿಲ್ಲ.

ಮೇಷ್ಟ್ರು ಮೂರು ಫೋಟೋ ಆರಿಸಿದರು. ಬೆನ್ನಿನ ಗೀರು, ಎರಡು ದಿನಾಂಕ, ಡಬ್ಬಿಯ ಗೋಂದು. ಪ್ರತಿಯೊಂದರಲ್ಲೂ ಕೆಂಪು ವೃತ್ತ ಹಾಕಿ ಮಾರಾಟಗಾರನಿಗೆ ಕಳಿಸಿದರು. ಅವನು ಮೊದಲು "ನೀವೇ ಬಳಸಿ ವಾಪಸ್ ಕೊಡ್ತಿದ್ದೀರಿ" ಎಂದ. ಆದರೆ ಹೆಡ್ ಮೇಲಿನ ಟೇಪ್ ಇನ್ನೂ ಕಿತ್ತಿರಲಿಲ್ಲ. ಟೇಪ್ ಇರುವಾಗ ಪ್ರಿಂಟ್ ತೆಗೆಯುವುದು ಹೇಗೆ? ದುಡ್ಡು ವಾಪಸ್ ಬಂತು.