ನಾಲ್ಕು ಚೌಕ, ಮೂರು ಬಾಣ: ಸ್ಲೈಡಿನಿಂದ ಡಿಸೈನ್ ಡಾಕ್ಯುಮೆಂಟಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಚಿಕ್ಕಮಗಳೂರು, ಹಾಸನ ಕಡೆಯವರಿಗೆ ಒಂದು ಮಾತು ಚೆನ್ನಾಗಿ ಪರಿಚಯ. ಮೀಟಿಂಗ್‌ನಲ್ಲಿ ಸ್ಲೈಡ್ ತೋರಿಸುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಕೊನೆಗೆ ಯಾರೋ ಒಬ್ಬರಿಗೆ, "ಇದನ್ನೇ ಒಂದು ಡಿಸೈನ್ ಡಾಕ್ಯುಮೆಂಟ್ ಮಾಡಿಬಿಡಿ" ಅಂತ ಹೇಳುತ್ತಾರೆ. ಅವರು ಸ್ಲೈಡಿನ ಸಾಲುಗಳನ್ನು ಹಾಗೇ ಎತ್ತಿ ಇನ್ನೊಂದು ಫೈಲಿಗೆ ಹಾಕುತ್ತಾರೆ. ಚಿತ್ರವನ್ನೂ ಅಂಟಿಸುತ್ತಾರೆ. ಪುಟ ತುಂಬುತ್ತದೆ. ಆದರೆ ಆರು ತಿಂಗಳು ಬಿಟ್ಟು ಹೊಸಬರು ಬಂದು "ಇದು ಯಾಕೆ ಹೀಗಿದೆ?" ಅಂತ ಕೇಳಿದರೆ ಆ ಪುಟಗಳಲ್ಲಿ ಉತ್ತರ ಸಿಗುವುದಿಲ್ಲ. ಸ್ಲೈಡಿನಲ್ಲಿ ಏನಿದೆ ಅಂತ ಇರುತ್ತದೆ. ಯಾಕೆ ಅನ್ನುವುದು ತೋರಿಸಿದವರ ಬಾಯಲ್ಲಿತ್ತು, ಅದು ಮೀಟಿಂಗ್ ರೂಮಿನಲ್ಲೇ ಉಳಿದುಹೋಯಿತು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟ ಅಂತ ಇಟ್ಟುಕೊಳ್ಳಿ. ಕೊಯ್ಲಿನ ಸಮಯ. ಅರವತ್ತು ಜನ ಹಣ್ಣು ಕೊಯ್ಯುತ್ತಾರೆ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಚೀಲ ತೂಕಕ್ಕೆ ಬರುತ್ತದೆ. ತೋಟದ ರೈಟರ್ ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆದುಕೊಳ್ಳುತ್ತಾರೆ. ವಾರದ ಬಟವಾಡೆ ಆ ಲೆಕ್ಕದ ಮೇಲೆ ನಡೆಯುತ್ತದೆ. ಇದನ್ನು ಫೋನಿನಲ್ಲಿ ಬರೆಯುವ ಒಂದು ಆ್ಯಪ್ ಬೇಕು. ಸ್ಲೈಡಿನಲ್ಲಿ ನಾಲ್ಕು ಚೌಕಗಳಿವೆ. ರೈಟರ್ ಫೋನ್, ಅದರ ಮುಂದೆ ದಾಖಲೆಗಳು ಸರದಿಯಲ್ಲಿ ಕಾಯುವ ಮೆಸೇಜ್ ಕ್ಯೂ, ಆಮೇಲೆ ಸರ್ವರ್ ಮತ್ತು ಡೇಟಾಬೇಸ್, ಕೊನೆಗೆ ಮಾಲೀಕರು ನೋಡುವ ಡ್ಯಾಶ್‌ಬೋರ್ಡ್. ಮಧ್ಯೆ ಮೂರು ಬಾಣ. ಮೇಲೆ ದಪ್ಪ ಅಕ್ಷರದಲ್ಲಿ "ಆಫ್‌ಲೈನ್ ಇದ್ದರೂ ನಡೆಯುತ್ತದೆ". ಮೂರು ಸ್ಲೈಡ್ ದಾಟಿದ ಮೇಲೆ "ರಿಯಲ್ ಟೈಮ್ ವರದಿ".

ಇದನ್ನು ಡಾಕ್ಯುಮೆಂಟ್ ಮಾಡುವಾಗ ನಾನು ಮೊದಲು ಮಾಡುವ ಕೆಲಸ ಇಷ್ಟೇ: ಪ್ರತಿ ಬಾಣವನ್ನೂ ಪೂರ್ತಿ ವಾಕ್ಯವಾಗಿ ಬರೆಯುವುದು. ಚೌಕ ಬಿಡಿ, ಬಾಣವೇ ಮುಖ್ಯ. ಚೌಕಕ್ಕೆ ಒಂದು ಹೆಸರಾದರೂ ಇರುತ್ತದೆ, ಬಾಣಕ್ಕೆ ಅದೂ ಇರುವುದಿಲ್ಲ. ಫೋನಿನಿಂದ ಹೊರಟ ಬಾಣವನ್ನು ಬರೆಯಲು ಕೂತರೆ, "ರೈಟರ್ ತೂಕ ಸೇವ್ ಮಾಡಿದಾಗ ಫೋನ್ ಆ ದಾಖಲೆಯನ್ನು ಕ್ಯೂಗೆ ಕಳಿಸುತ್ತದೆ" ಅಂತ ಶುರುವಾಗುತ್ತದೆ. ತಕ್ಷಣ ಪೆನ್ನು ನಿಲ್ಲುತ್ತದೆ. ತೋಟದ ಆ ಮೂಲೆಯಲ್ಲಿ ಸಿಗ್ನಲ್ ಇಲ್ವಲ್ಲ? ಆಗ ಏನು ಮಾಡುತ್ತದೆ? ಕಾಯುತ್ತದೆಯೇ, ಬಿಟ್ಟುಬಿಡುತ್ತದೆಯೇ? ಎಷ್ಟು ಹೊತ್ತು? ಚಿತ್ರದಲ್ಲಿ ಗೆರೆ ಎಳೆದರೆ ಮುಗಿಯಿತು. ವಾಕ್ಯಕ್ಕೆ ಕರ್ತೃ ಬೇಕು, ಕ್ರಿಯೆ ಬೇಕು, "ಆಗದಿದ್ದರೆ" ಅನ್ನುವುದಕ್ಕೆ ಉತ್ತರ ಬೇಕು.

ಹೀಗೆ ಬರೆಯುತ್ತಾ ಹೋದರೆ ಎರಡು ಬೇರೆ ಬೇರೆ ಸ್ಲೈಡಿನಲ್ಲಿದ್ದ ಮಾತುಗಳು ಒಂದೇ ಪ್ಯಾರಾದಲ್ಲಿ ಎದುರುಬದುರಾಗುತ್ತವೆ. ಆಫ್‌ಲೈನ್‌ನಲ್ಲಿ ನಡೆಯಬೇಕು ಅಂದರೆ ಸಂಜೆ ರೈಟರ್ ಮನೆ ಹತ್ತಿರ ಬಂದು ಸಿಗ್ನಲ್ ಸಿಗುವವರೆಗೆ ಲೆಕ್ಕ ಫೋನಿನಲ್ಲೇ ಇರುತ್ತದೆ. ಹಾಗಾದರೆ ಮಾಲೀಕರು ಮಧ್ಯಾಹ್ನ ನೋಡುವ ವರದಿ ರಿಯಲ್ ಟೈಮ್ ಆಗುವುದು ಹೇಗೆ? ಆಗುವುದಿಲ್ಲ. ಸ್ಲೈಡ್‌ಗಳನ್ನು ಒಂದಾದ ಮೇಲೊಂದು ನೋಡುತ್ತೇವಲ್ಲ, ಅದಕ್ಕೇ ಈ ಜಗಳ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದು ನನ್ನ ಪಾಲಿಗೆ ಡಾಕ್ಯುಮೆಂಟ್ ಬರೆಯುವುದರ ಅತಿ ದೊಡ್ಡ ಲಾಭ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ ಜಾಗವೇ ಒಂದು ತೀರ್ಮಾನದ ವಿಭಾಗ.

ಹಾಗಂತ ಸ್ಲೈಡಿನ ಎಲ್ಲ ಸಾಲೂ ತೀರ್ಮಾನವಲ್ಲ. "ತೋಟದಲ್ಲಿ ಸಿಗ್ನಲ್ ಕಮ್ಮಿ" ಅನ್ನುವುದು ವಸ್ತುಸ್ಥಿತಿ. "ಬಳಸಲು ಸುಲಭವಾಗಿರಬೇಕು" ಅನ್ನುವುದು ಆಸೆ. "ಫೋನಿನಲ್ಲೇ ಮೊದಲು ಬರೆದಿಟ್ಟು ಆಮೇಲೆ ಕಳಿಸುತ್ತೇವೆ" ಅನ್ನುವುದು ತೀರ್ಮಾನ. ಗುರುತಿಸಲು ಒಂದು ಸುಲಭದ ಪ್ರಶ್ನೆ ಇದೆ: ಬುದ್ಧಿ ಇರುವ ಇನ್ನೊಬ್ಬರು ಇದನ್ನು ಬೇರೆ ಥರ ಮಾಡಬಹುದಿತ್ತೇ? ಹೌದು ಅನ್ನಿಸಿದರೆ ಅದು ತೀರ್ಮಾನ. ಅದಕ್ಕೆ ಕಾರಣ ಬರೆಯಬೇಕು.

ಬರೆಯುವ ಅಚ್ಚು ಹೊಸದೇನಲ್ಲ. 2011ರಲ್ಲಿ ಮೈಕೆಲ್ ನೈಗಾರ್ಡ್ ಎಂಬ ಎಂಜಿನಿಯರ್ ಒಂದು ಚಿಕ್ಕ ಬರಹದಲ್ಲಿ ಇದನ್ನು ಹೇಳಿದರು. ಒಂದು ತೀರ್ಮಾನಕ್ಕೆ ಒಂದು ಚಿಕ್ಕ ದಾಖಲೆ. ಅದರಲ್ಲಿ ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ತೀರ್ಮಾನ, ಪರಿಣಾಮ. ನಾನು ಇದಕ್ಕೆ "ಬಿಟ್ಟ ದಾರಿಗಳು" ಅಂತ ಒಂದು ಭಾಗ ಸೇರಿಸುತ್ತೇನೆ. ಯಾವ ದಾರಿ ಬಿಟ್ಟೆವು ಅಂತ ಇಲ್ಲದಿದ್ದರೆ ಏನು ಕೊಟ್ಟು ಏನು ಪಡೆದೆವು ಅಂತ ಓದುವವರಿಗೆ ತಿಳಿಯುವುದಿಲ್ಲ.

ಈಗ ಆ ಕ್ಯೂ ಎಂಬ ಚೌಕವನ್ನು ಹಿಡಿಯೋಣ. ಸ್ಲೈಡಿನಲ್ಲಿ ಅದರ ಕೆಳಗೆ "ಎಷ್ಟು ಲೋಡ್ ಬಂದರೂ ತಡೆಯುತ್ತದೆ" ಅಂತಿದೆ. ಎಷ್ಟು ಅಂದರೆ ಎಷ್ಟು? ಲೆಕ್ಕ ಹಾಕೋಣ. ಅರವತ್ತು ಜನ, ದಿನಕ್ಕೆ ಎರಡು ತೂಕ, ಒಟ್ಟು 120 ದಾಖಲೆ. ಒಂದೊಂದು ದಾಖಲೆ 300 ಬೈಟ್ ಅಂದರೂ ಒಂದು ತೋಟದ ಇಡೀ ದಿನದ ಲೆಕ್ಕ 36 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ದೊಡ್ಡದು. ಇಂಥ ಐವತ್ತು ತೋಟ ಸೇರಿದರೆ ದಿನಕ್ಕೆ 6,000 ದಾಖಲೆ. ಅಷ್ಟೂ ಸಂಜೆ ಒಂದೇ ಗಂಟೆಯಲ್ಲಿ ಬಂದರೂ ಸೆಕೆಂಡಿಗೆ ಸರಾಸರಿ ಎರಡೂ ಆಗುವುದಿಲ್ಲ. ಒಂದು ಸಾಧಾರಣ ಡೇಟಾಬೇಸ್ ಇದನ್ನು ನಿರಾಳವಾಗಿ ತೆಗೆದುಕೊಳ್ಳುತ್ತದೆ.

ಇನ್ನೂ ಒಂದು ವಿಷಯ ಇದೆ. ಸರ್ವರ್ ಕೆಟ್ಟರೆ ದಾಖಲೆ ಕಳೆದುಹೋಗಬಾರದು ಅಂತ ಕ್ಯೂ ಇಡುತ್ತಾರೆ. ಆದರೆ ನಾವು ಆಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳುವ ತೀರ್ಮಾನ ಮಾಡಿದ್ದೇವೆ. ಸರ್ವರ್ "ಸೇರಿತು" ಅಂತ ಉತ್ತರ ಕೊಡುವವರೆಗೆ ಫೋನ್ ದಾಖಲೆಯನ್ನು ಬಿಡುವುದಿಲ್ಲ. ಅಂದರೆ ಕಾಯುವ ಸಾಲು ಫೋನಿನಲ್ಲೇ ಇದೆ. ಸ್ಲೈಡಿನಲ್ಲಿ ಗಟ್ಟಿಯಾಗಿ ಕೂತಿದ್ದ ಒಂದು ಚೌಕ ಹೀಗೆ ಬಿದ್ದುಹೋಗುತ್ತದೆ.

ಅದನ್ನು ಡಾಕ್ಯುಮೆಂಟಿನಲ್ಲಿ ಹೀಗೆ ಬರೆಯಬಹುದು, ಓದುತ್ತೇನೆ. "ತೀರ್ಮಾನ: ಮೊದಲ ಹಂತದಲ್ಲಿ ಪ್ರತ್ಯೇಕ ಕ್ಯೂ ಇಡುವುದಿಲ್ಲ, ಫೋನ್ ನೇರವಾಗಿ ಸರ್ವರ್‌ಗೆ ಕಳಿಸುತ್ತದೆ. ಪಡೆದದ್ದು: ನೋಡಿಕೊಳ್ಳಬೇಕಾದ ಒಂದು ವ್ಯವಸ್ಥೆ ಕಮ್ಮಿ. ಬಿಟ್ಟುಕೊಟ್ಟದ್ದು: ಸರ್ವರ್ ನಿಂತಷ್ಟು ಹೊತ್ತು ಹೊಸ ಲೆಕ್ಕ ಫೋನ್‌ಗಳಲ್ಲೇ ಉಳಿಯುತ್ತದೆ, ಮಾಲೀಕರಿಗೆ ಕಾಣುವುದಿಲ್ಲ. ಮತ್ತೆ ಯೋಚಿಸಬೇಕಾದ ಸಮಯ: ತೂಕದ ಯಂತ್ರಗಳೇ ನೇರವಾಗಿ ಡೇಟಾ ಕಳಿಸುವಂತಾದಾಗ, ಯಾಕೆಂದರೆ ಅವುಗಳಲ್ಲಿ ಬರೆದಿಟ್ಟುಕೊಳ್ಳುವ ಜಾಗ ಇಲ್ಲದಿರಬಹುದು." ನಾಲ್ಕೇ ವಾಕ್ಯ. ಒಬ್ಬರು ಇದನ್ನು ಓದಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಸ್ಲೈಡಿನ ಸಾಲಿನ ಜೊತೆ ವಾದ ಮಾಡಲೂ ಆಗುತ್ತಿರಲಿಲ್ಲ.

"ಬಿಟ್ಟುಕೊಟ್ಟದ್ದು" ಅನ್ನುವ ಕಡೆ ಬಹಳ ಜನ ಜಾರುತ್ತಾರೆ. "ಸ್ವಲ್ಪ ಕ್ಲಿಷ್ಟವಾಗುತ್ತದೆ" ಅಂತ ಬರೆದು ಮುಂದೆ ಹೋಗುತ್ತಾರೆ. ಅದು ಸಾಲದು. ಆ ನಷ್ಟ ಯಾರ ಮೇಲೆ ಬೀಳುತ್ತದೆ, ಯಾವಾಗ, ಅವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಬರೆಯಬೇಕು. ನಮ್ಮ ಉದಾಹರಣೆಯಲ್ಲೇ ನೋಡಿ. ಫೋನ್ ದಾಖಲೆ ಕಳಿಸಿತು, ಸರ್ವರ್ ಬರೆದುಕೊಂಡಿತು. "ಸೇರಿತು" ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಸೇರಿಲ್ಲ ಅಂದುಕೊಂಡು ಫೋನ್ ಮತ್ತೆ ಕಳಿಸುತ್ತದೆ. 42 ಕೆಜಿ ಕೊಯ್ದವರ ಲೆಕ್ಕದಲ್ಲಿ 84 ಕೆಜಿ. ಬಟವಾಡೆ ದಿನ ಜಗಳ. ಇದಕ್ಕೆ ಪರಿಹಾರವಾಗಿ ಪ್ರತಿ ದಾಖಲೆಗೂ ಫೋನೇ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ "ಸೇರಿತು" ಅಂತ ಮಾತ್ರ ಹೇಳುತ್ತದೆ.

ಇಲ್ಲೂ ಒಂದು ಸೂಕ್ಷ್ಮ ಇದೆ. ಆ ಸಂಖ್ಯೆ ಹುಟ್ಟುವುದು ಯಾವಾಗ? ಸೇವ್ ಬಟನ್ ಒತ್ತಿದಾಗ ಅಂತಾದರೆ, ಸಾಲಿನಲ್ಲಿ ಜನ ನಿಂತಿರುವಾಗ ರೈಟರ್ ಗಡಿಬಿಡಿಯಲ್ಲಿ ಎರಡು ಸಲ ಒತ್ತಿದರೆ ಎರಡು ಸಂಖ್ಯೆ ಹುಟ್ಟುತ್ತವೆ. ಸರ್ವರ್ ಪಾಲಿಗೆ ಅವು ಎರಡು ಬೇರೆ ತೂಕಗಳು. ಆ ವ್ಯಕ್ತಿಯ ಹೆಸರು ತೆರೆದ ಕೂಡಲೇ ಸಂಖ್ಯೆ ಹುಟ್ಟಿದರೆ, ಎಷ್ಟು ಸಲ ಒತ್ತಿದರೂ ಒಂದೇ ದಾಖಲೆ. ಆದರೆ ರೈಟರ್ ಆ ಹೆಸರನ್ನು ಮುಚ್ಚಿ, ಮತ್ತೆ ತೆರೆದು, ಅದೇ ಚೀಲವನ್ನು ಇನ್ನೊಮ್ಮೆ ಬರೆದರೆ ಇದರಿಂದ ತಡೆಯಲು ಆಗುವುದಿಲ್ಲ. ಈ ಮಿತಿಯನ್ನೂ ಅಲ್ಲೇ, ಅದೇ ವಿಭಾಗದಲ್ಲಿ ಬರೆಯಬೇಕು. ಬೇರೆ ಪುಟದ ಕೊನೆಯಲ್ಲಿ ಅಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಸ್ಲೈಡಿನಲ್ಲಿ ಮಿತಿಗಳು ಯಾವಾಗಲೂ ಕೆಳಗಿನ ಚಿಕ್ಕ ಅಕ್ಷರಕ್ಕೆ ಇಳಿಯುತ್ತವೆ. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ನಾಶವಾಯಿತು, ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ನೌಕೆ ಇನ್ನೂ ಮೇಲಿರುವಾಗಲೇ, ರೆಕ್ಕೆಗೆ ಬಡಿದ ಫೋಮ್ ತುಂಡಿನ ಬಗ್ಗೆ ಎಂಜಿನಿಯರ್‌ಗಳು ಸ್ಲೈಡ್ ತೋರಿಸಿದ್ದರು. ಆ ತುಂಡು ಹಿಂದೆ ಪರೀಕ್ಷೆ ಮಾಡಿದ್ದಕ್ಕಿಂತ ನೂರಾರು ಪಟ್ಟು ದೊಡ್ಡದು ಅನ್ನುವ ಸಂಗತಿ ಸ್ಲೈಡಿನ ತೀರಾ ಕೆಳಗಿತ್ತು. ತಲೆಬರಹ ಭರವಸೆ ಕೊಡುವ ಹಾಗಿತ್ತು. ತಾಂತ್ರಿಕ ಬರಹದ ಬದಲು ಸ್ಲೈಡ್‌ಗಳನ್ನೇ ನೆಚ್ಚಿಕೊಂಡದ್ದನ್ನು ತನಿಖಾ ಮಂಡಳಿ ತನ್ನ ವರದಿಯಲ್ಲಿ ಎತ್ತಿ ಹೇಳಿತು. ಹಾಗಾಗಿ ನಾನು ಡಾಕ್ಯುಮೆಂಟ್ ಶುರು ಮಾಡುವಾಗ ಸ್ಲೈಡಿನ ಅತಿ ಚಿಕ್ಕ ಅಕ್ಷರದ ಸಾಲನ್ನು ಮೊದಲು ಓದುತ್ತೇನೆ. ನಮ್ಮ ತೋಟದ ಸ್ಲೈಡಿನಲ್ಲಿ ಅದು, "ಫೋನ್ ಕಳೆದರೆ ಆ ದಿನದ ಡೇಟಾ ಸಿಗದಿರಬಹುದು". ಅರವತ್ತು ಜನರ ಒಂದು ದಿನದ ದುಡಿಮೆ ಅದು. ಇದಕ್ಕೊಂದು ಪೂರ್ತಿ ವಿಭಾಗ ಬೇಕು. ಮೊದಲ ವರ್ಷ ಚೆಕ್‌ರೋಲ್ ಪುಸ್ತಕವನ್ನೂ, ಅಂದರೆ ಕೈಯಲ್ಲಿ ಬರೆಯುವ ಕೂಲಿ ಲೆಕ್ಕವನ್ನೂ, ಜೊತೆಗೆ ಬರೆಯಬೇಕು ಅಂತ ತೀರ್ಮಾನಿಸಿದರೆ, ರೈಟರ್‌ಗೆ ಕೆಲಸ ಎರಡರಷ್ಟು ಆಗುತ್ತದೆ ಅನ್ನುವುದನ್ನೂ ಬರೆಯಬೇಕು. ರೈಟರ್ ಆ ಮೀಟಿಂಗ್‌ನಲ್ಲಿ ಇರಲಿಲ್ಲ. ಅವರ ಕಷ್ಟ ದಾಖಲಾಗುವುದು ಇಲ್ಲಿ ಮಾತ್ರ.

ಕೊನೆಯದಾಗಿ ಕಾರಣಗಳ ವಿಷಯ. ಸ್ಲೈಡಿನಲ್ಲಿ ಒಂದು ಡೇಟಾಬೇಸಿನ ಹೆಸರಿದೆ, ಯಾಕೆ ಅಂತ ಇಲ್ಲ. ಆಗ ಒಳ್ಳೆಯ ಕಾರಣ ನಾವೇ ಹೊಸೆದು ಬರೆಯುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಲೈಡ್ ಮಾಡಿದವರಿಗೆ ಫೋನ್ ಮಾಡಿ, "ಸರ್, ಇದನ್ನು ಯಾಕೆ ತಗೊಂಡ್ರಿ?" ಅಂತ ಕೇಳಿ. "ನಮ್ಮ ಹುಡುಗರಿಗೆ ಅದೇ ಗೊತ್ತಿತ್ತು" ಅಂತ ಉತ್ತರ ಬಂದರೆ ಹಾಗೇ ಬರೆಯಿರಿ. ಅದೂ ಸರಿಯಾದ ಕಾರಣವೇ. ಯಾರಿಗೂ ನೆನಪಿಲ್ಲದಿದ್ದರೆ "ಕಾರಣ ದಾಖಲಾಗಿಲ್ಲ" ಅಂತ ಬರೆದು, ಸ್ಥಿತಿಯ ಕಡೆ "ಒಪ್ಪಿದ್ದು" ಅನ್ನದೆ "ಪ್ರಸ್ತಾಪ" ಅಂತ ಇಡಿ. ಮುಂದೆ ತೀರ್ಮಾನ ಬದಲಾದರೆ ಹಳೆಯದನ್ನು ಅಳಿಸಬೇಡಿ. "ಇದರ ಬದಲು ಹೊಸದು ಬಂದಿದೆ" ಅಂತ ಗುರುತು ಹಾಕಿ, ಹೊಸದರ ಸಂಖ್ಯೆ ಕೊಡಿ. ಕ್ಯೂ ಬೇಡ ಅಂದದ್ದು ಯಾಕೆ, ಎರಡು ವರ್ಷದ ಮೇಲೆ ಬೇಕಾದದ್ದು ಯಾಕೆ, ಎರಡೂ ಒಂದೇ ಕಡೆ ಓದಲು ಸಿಗುತ್ತವೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆ. ನಮಸ್ಕಾರ.