‘ಬೇರೆ ಕಡೆ ಕಡಿಮೆ ಇದ್ದರೆ ವ್ಯತ್ಯಾಸ ವಾಪಸ್’: ಈ ಆಫರ್‌ನಿಂದ ಲಾಭ ಯಾರಿಗೆ?

ನಮಸ್ಕಾರ. ‘ಇದೇ ವಸ್ತು ಬೇರೆ ಕಡೆ ಕಡಿಮೆಗೆ ಸಿಕ್ಕರೆ ವ್ಯತ್ಯಾಸದ ಹಣ ವಾಪಸ್ ಕೊಡುತ್ತೇವೆ’ ಅನ್ನುವ ಜಾಹೀರಾತು ನೋಡಿರುತ್ತೀರಿ. ಎಷ್ಟು ಒಳ್ಳೆಯ ಕಂಪನಿ ಅನಿಸುತ್ತದೆ, ಅಲ್ವಾ? ನನಗೆ ಮಾತ್ರ ಅನುಮಾನ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಒಂದೇ ಥರದ ವಸ್ತು ಮಾರುವ ಎರಡು ಕಂಪನಿಗಳಿವೆ ಅಂದುಕೊಳ್ಳಿ. ಒಂದು ವಸ್ತುವಿಗೆ ಬೀಳುವ ಖರ್ಚು 50. ಬೆಲೆ 100 ಇಡಬಹುದು, ಇಲ್ಲವೇ 80. ಗಿರಾಕಿಗಳು ಒಟ್ಟು 200 ಜನ. ಇಬ್ಬರೂ 100 ಇಟ್ಟರೆ ಗಿರಾಕಿಗಳು ಅರ್ಧರ್ಧ ಹಂಚಿಹೋಗುತ್ತಾರೆ, ತಲಾ 5000 ಲಾಭ. ಒಬ್ಬ ಮಾತ್ರ 80ಕ್ಕೆ ಇಳಿಸಿದರೆ? 180 ಜನ ಅವನ ಕಡೆಗೆ ಹೋದರು ಅನ್ನಿ. ಅವನಿಗೆ 5400, ಇನ್ನೊಬ್ಬನಿಗೆ ಬರೀ 1000. ಅವನೇನು ಸುಮ್ನೆ ಕೂರುತ್ತಾನಾ? ಅವನೂ ಇಳಿಸುತ್ತಾನೆ. ಈಗ ಇಬ್ಬರಿಗೂ 3000.

ಎದುರಿನವನು ಏನೇ ಮಾಡಲಿ, ಆ ಒಂದು ಸಲದ ಮಟ್ಟಿಗೆ ಇಳಿಸುವುದೇ ಲಾಭ. ಆದರೆ ಇಬ್ಬರೂ ಇಳಿಸಿದರೆ ಇಬ್ಬರಿಗೂ ನಷ್ಟ. 1950ರಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಷರ್ ರೂಪಿಸಿದ ಆಟ ಇದು. ಆಲ್ಬರ್ಟ್ ಟಕ್ಕರ್ ಅದಕ್ಕೆ ಇಬ್ಬರು ಕೈದಿಗಳ ಕಥೆ ಕಟ್ಟಿದರು, ‘ಪ್ರಿಸನರ್ಸ್ ಡೈಲೆಮಾ’ ಅನ್ನುವ ಹೆಸರು ಬಂದದ್ದು ಹಾಗೆ.

ಹಾಗಾದರೆ ಫೋನ್ ಮಾಡಿ ಮಾತಾಡಿಕೊಂಡರೆ ಆಯಿತಲ್ಲ? 1982ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಲ್ ಅದನ್ನೇ ಮಾಡಿದರು. ಬ್ರ್ಯಾನಿಫ್ ವಿಮಾನ ಸಂಸ್ಥೆಯ ಹೊವರ್ಡ್ ಪಟ್ನಮ್‌ಗೆ ಫೋನ್ ಮಾಡಿ, ‘ನೀವು ದರ ಶೇ 20 ಏರಿಸಿ, ಮರುದಿನ ಬೆಳಗ್ಗೆ ನಾನೂ ಏರಿಸುತ್ತೇನೆ’ ಎಂಬರ್ಥದ ಮಾತಾಡಿದರು. ಪಟ್ನಮ್ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದರು! ಸರ್ಕಾರ ಕೇಸು ಹಾಕಿತು.

ಈಗ ಆ ಜಾಹೀರಾತಿಗೆ ಬನ್ನಿ. ಇಬ್ಬರೂ ಈ ಆಫರ್ ಹಾಕಿದ್ದಾರೆ ಅನ್ನಿ. ಒಬ್ಬ 80ಕ್ಕೆ ಇಳಿಸಿದ ಕೂಡಲೇ ಇನ್ನೊಬ್ಬನ ಗಿರಾಕಿಗಳಿಗೂ 20 ವಾಪಸ್ ಸಿಗುತ್ತದೆ. ಅವರು ಅಂಗಡಿ ಬದಲಿಸುವುದೇ ಇಲ್ಲ. 5400ರ ಆಸೆಗೆ ಬೆಲೆ ಇಳಿಸಿದವನ ಕೈಗೆ ಬರುವುದು 3000. 5000 ಬಿಟ್ಟು 3000ಕ್ಕೆ ಯಾರು ಕೈಹಾಕುತ್ತಾರೆ? ಬೆಲೆ 100ರಲ್ಲೇ ನಿಲ್ಲುತ್ತದೆ. ಫೋನ್ ಇಲ್ಲ, ಒಪ್ಪಂದ ಇಲ್ಲ, ಕೇಸೂ ಇಲ್ಲ. ಗಿರಾಕಿಗೆ ಕೊಟ್ಟ ಭರವಸೆಯನ್ನು ಎದುರಾಳಿಗೆ ಹಾಕಿದ ಬೆದರಿಕೆ ಅಂತಲೇ ನಾನು ಓದುತ್ತೇನೆ.

ಹಾಗಂತ ಎಲ್ಲ ಕಡೆ ಹೀಗೇ ಆಗುತ್ತದೆ ಅನ್ನಲಾರೆ. ಬಿಲ್ಲು ತೋರಿಸು, ಅರ್ಜಿ ತುಂಬು ಅಂತ ಗಿರಾಕಿಯನ್ನು ಅಲೆಸಿದರೆ ಜಾಸ್ತಿ ಜನ ವ್ಯತ್ಯಾಸ ಕೇಳಲು ಬರುವುದಿಲ್ಲ, ಸೀದಾ ಕಡಿಮೆ ಬೆಲೆಯವನ ಹತ್ತಿರ ಹೋಗುತ್ತಾರೆ. ಆಗ ಬೆದರಿಕೆ ಟುಸ್ಸಾಗುತ್ತದೆ. ಗುಟ್ಟಾಗಿ ಕೊಡುವ ರಿಯಾಯಿತಿಯೂ ಅಷ್ಟೇ. ಪಟ್ಟಿಯಲ್ಲಿ 100 ಅಂತಲೇ ಇರುತ್ತದೆ, ದೊಡ್ಡ ಗಿರಾಕಿಗೆ ಮಾತ್ರ 80ರ ಬಿಲ್ಲು ಹೋಗುತ್ತದೆ. ಎದುರಾಳಿಗೆ ಅದು ಗೊತ್ತಾಗುವ ಹೊತ್ತಿಗೆ ಆ ಗಿರಾಕಿ ಕೈತಪ್ಪಿರುತ್ತಾನೆ. ಬೆಲೆ ಸಮರ ಮತ್ತೆ ಶುರುವಾಗಲು ಇಂಥ ಒಂದು ಬಿಲ್ಲು ಸಾಕು.