ಫೋನಿನಲ್ಲಿ ಹೇಳಿದ 12 ಲಕ್ಷ ಪತ್ರದಲ್ಲಿ ಎಷ್ಟು?

ಕೇಳುಗರಿಗೆ ನಮಸ್ಕಾರ.

ಸಂದರ್ಶನದ ಸುತ್ತುಗಳೆಲ್ಲ ಮುಗಿದ ಮೇಲೆ ಕಂಪನಿಯ ಎಚ್‌ಆರ್ ವಿಭಾಗದಿಂದ ಸಾಮಾನ್ಯವಾಗಿ ಮೊದಲು ಬರುವುದು ಪತ್ರವಲ್ಲ, ಫೋನ್ ಕರೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಅಂಥ ಕರೆ ಬಂದಿದೆ ಎಂದುಕೊಳ್ಳೋಣ. ವರ್ಷಕ್ಕೆ 12 ಲಕ್ಷ ಸಿಟಿಸಿ, ಹುದ್ದೆ ಸೀನಿಯರ್ ಎಂಜಿನಿಯರ್, ಜಾಯಿನಿಂಗ್ ಬೋನಸ್ 1 ಲಕ್ಷ ಎಂದು ಹೇಳಿ, ಈಗಿನ ಕೆಲಸಕ್ಕೆ ಬೇಗ ರಾಜೀನಾಮೆ ಕೊಡಿ ಎನ್ನುತ್ತಾರೆ. ಕೇಳಿದವರ ಮನಸ್ಸು ತಕ್ಷಣ ತಿಂಗಳಿಗೆ 1 ಲಕ್ಷ ಎಂದು ಲೆಕ್ಕ ಹಾಕಿಬಿಡುತ್ತದೆ.

ಸಿಟಿಸಿ ಎಂಬುದು ಕೈಗೆ ಬರುವ ಸಂಬಳವಲ್ಲ. ನಮ್ಮ ಹೆಸರಿನಲ್ಲಿ ಕಂಪನಿ ವರ್ಷಕ್ಕೆ ತೋರಿಸುವ ಒಟ್ಟು ವೆಚ್ಚ. ಜಾಯಿನಿಂಗ್ ಬೋನಸ್ಸಿನ 1 ಲಕ್ಷ ಈ 12 ಲಕ್ಷದ ಒಳಗೇ ಇದ್ದರೆ ಉಳಿಯುವುದು 11 ಲಕ್ಷ. ಅದರಲ್ಲಿ 1 ಲಕ್ಷದ 20 ಸಾವಿರ, ಕೆಲಸದ ಮೌಲ್ಯಮಾಪನದ ನಂತರ ಸಿಗಬಹುದಾದ ವೇರಿಯೆಬಲ್ ಪೇ ಆಗಿರಬಹುದು. ಮೂಲ ವೇತನ ತಿಂಗಳಿಗೆ 50 ಸಾವಿರವೆಂದು ಹಿಡಿದರೆ, ಅದರ ಶೇಕಡಾ 12ರಂತೆ ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು ವರ್ಷಕ್ಕೆ 72 ಸಾವಿರ. ಗ್ರಾಚ್ಯುಟಿಗೆಂದು ತೋರಿಸುವ ಶೇಕಡಾ 4.81ರ ಮೊತ್ತ ಸುಮಾರು 29 ಸಾವಿರ. ಇಷ್ಟನ್ನೂ ಕಳೆದರೆ ತಿಂಗಳಿಗೆ 73 ಸಾವಿರ ಚಿಲ್ಲರೆ ನಿಲ್ಲುತ್ತದೆ. ಅದರಿಂದ ನಮ್ಮ ಪಾಲಿನ ಭವಿಷ್ಯನಿಧಿ 6 ಸಾವಿರ ಮತ್ತು ವೃತ್ತಿ ತೆರಿಗೆಯ 200 ರೂಪಾಯಿ ಕಡಿತವಾದ ಮೇಲೆ, ಆದಾಯ ತೆರಿಗೆಯ ಮಾತು ಬಿಟ್ಟರೂ, ಬ್ಯಾಂಕಿಗೆ ಬರುವುದು 67 ಸಾವಿರದ ಆಸುಪಾಸು. ಬೋನಸ್ 12 ಲಕ್ಷದ ಹೊರಗಿದ್ದು, ಆ ಹಣ ಮಾಸಿಕ ಭತ್ಯೆಯಲ್ಲಿ ಸೇರಿದ್ದರೆ, ತಿಂಗಳಿಗೆ 8 ಸಾವಿರಕ್ಕೂ ಹೆಚ್ಚು ವ್ಯತ್ಯಾಸವಾಗುತ್ತದೆ. ಫೋನಿನಲ್ಲಿ ಯಾರೂ ಸುಳ್ಳು ಹೇಳಿಲ್ಲ, ಬಿಡಿಸಿ ಹೇಳಿಲ್ಲ ಅಷ್ಟೆ.

ಆದ್ದರಿಂದ ಕರೆ ಮುಗಿದ ದಿನವೇ ಎಚ್‌ಆರ್ ಅವರ ಕಂಪನಿ ವಿಳಾಸಕ್ಕೆ ಒಂದು ಚಿಕ್ಕ ಇಮೇಲ್ ಕಳಿಸುವುದು ಸರಿಯಾದ ಕ್ರಮ. ಅದರ ಒಕ್ಕಣೆ ಹೀಗಿರಬಹುದು: "ಇಂದಿನ ಮಾತುಕತೆಗೆ ಧನ್ಯವಾದಗಳು. ನಾನು ಅರ್ಥಮಾಡಿಕೊಂಡಂತೆ ಹುದ್ದೆ ಸೀನಿಯರ್ ಎಂಜಿನಿಯರ್, ವಾರ್ಷಿಕ ಸಿಟಿಸಿ 12 ಲಕ್ಷ, ಜಾಯಿನಿಂಗ್ ಬೋನಸ್ 1 ಲಕ್ಷ ಇದಕ್ಕೆ ಹೊರತಾಗಿ. ಇದು ಸರಿಯೆಂದು ದೃಢಪಡಿಸಿ, ಮೂಲ ವೇತನ, ಭತ್ಯೆಗಳು, ವೇರಿಯೆಬಲ್ ಪೇ ಹಾಗೂ ಕಂಪನಿಯ ಭವಿಷ್ಯನಿಧಿ ಪಾಲಿನ ವಿವರಪಟ್ಟಿಯನ್ನು ಆಫರ್ ಲೆಟರ್ ಜೊತೆ ಕಳಿಸಬೇಕೆಂದು ಕೋರುತ್ತೇನೆ. ಅದು ಕೈಸೇರಿದ ಕೂಡಲೇ ರಾಜೀನಾಮೆ ಸಲ್ಲಿಸುತ್ತೇನೆ." ಕೊನೆಯ ವಾಕ್ಯವನ್ನು ಬಿಡಬಾರದು, ಪತ್ರ ತಡವಾದರೆ ಸೇರುವ ದಿನವೂ ಮುಂದೆ ಹೋಗುತ್ತದೆ ಎಂಬುದು ಅವರಿಗೆ ಅದರಿಂದಲೇ ತಿಳಿಯುತ್ತದೆ. ನೇಮಕಾತಿ ಏಜೆನ್ಸಿಯವರು ವಾಟ್ಸಾಪಿನಲ್ಲಿ ಕೊಟ್ಟ ಭರವಸೆ ಕಂಪನಿಯ ಮಾತಾಗುವುದಿಲ್ಲವಾದ್ದರಿಂದ ಉತ್ತರ ಕಂಪನಿಯಿಂದಲೇ ಬರಬೇಕು. ಇಷ್ಟು ಕೇಳಿದ್ದಕ್ಕೆ ಆಫರ್ ಕೈತಪ್ಪೀತೆಂಬ ಅಳುಕು ಅನೇಕರಿಗಿದೆ. ಆದರೆ ಇದು ಚೌಕಾಸಿಯಲ್ಲ, ಅವರೇ ಹೇಳಿದ್ದನ್ನು ಬರೆದುಕೊಡಿ ಎನ್ನುವುದು. ಅದಕ್ಕೇ ಮುನಿಸಿಕೊಳ್ಳುವ ಕಂಪನಿಯ ಬಗ್ಗೆ ಸಂಶಯಪಡುವುದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಹುದ್ದೆಯ ಹೆಸರಿನಲ್ಲಿ ನೋಡಬೇಕಾದ್ದು ಒಂದೇ. ಫೋನಿನಲ್ಲಿ ಸೀನಿಯರ್ ಎಂದವರು ಪತ್ರದಲ್ಲಿ ಬರೀ ಎಂಜಿನಿಯರ್ ಎಂದು ಬರೆದು, ಒಳಗಿನ ಶ್ರೇಣಿಯನ್ನು ಬೇರೆ ಸಂಕೇತದಲ್ಲಿ ಇಟ್ಟಿರಬಹುದು. ಮುಂದೆ ಅನುಭವ ಪತ್ರದಲ್ಲಿ ಬರುವುದೂ, ಮತ್ತೊಂದು ಕಂಪನಿಯವರು ಹಿನ್ನೆಲೆ ಪರಿಶೀಲಿಸುವಾಗ ಕಾಣುವುದೂ ದಾಖಲೆಯಲ್ಲಿರುವ ಹೆಸರೇ.

ಜಾಯಿನಿಂಗ್ ಬೋನಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಮೊದಲ ಸಂಬಳದ ಜೊತೆಗೋ ಪ್ರೊಬೇಷನ್ ಮುಗಿದ ಮೇಲೋ, ಒಂದೇ ಬಾರಿಗೋ ಎರಡು ಕಂತಿನಲ್ಲೋ ಎಂಬುದು ಪತ್ರದಲ್ಲಿರಬೇಕು. ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಹಣ ಹಿಂದಿರುಗಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಂಪನಿಯೇ ಕೆಲಸದಿಂದ ತೆಗೆದರೂ ಅದು ಅನ್ವಯಿಸುತ್ತದೆಯೇ, ದುಡಿದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತದೆಯೇ, ತೆರಿಗೆ ಮುರಿದುಕೊಂಡು ಕೊಟ್ಟದ್ದಕ್ಕೆ ಪೂರ್ತಿ 1 ಲಕ್ಷ ಹಿಂದೆ ಕೇಳುತ್ತಾರೆಯೇ ಎಂಬುದನ್ನು ಸಹಿಗೆ ಮುಂಚೆಯೇ ಬರವಣಿಗೆಯಲ್ಲಿ ಕೇಳಬೇಕು.

1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಆದರೆ ಅದನ್ನು ರುಜುವಾತು ಮಾಡುವ ಹೊರೆ ನಮ್ಮ ಮೇಲೆ ಬೀಳುತ್ತದೆ. ಇದಕ್ಕಿಂತ ದೊಡ್ಡ ತೊಡಕು ಪತ್ರದ ಕೊನೆಯ ಪುಟದಲ್ಲಿರುತ್ತದೆ: ಹಿಂದಿನ ಎಲ್ಲ ಮೌಖಿಕ ಹಾಗೂ ಲಿಖಿತ ಮಾತುಕತೆಗಳ ಬದಲಿಗೆ ಈ ಪತ್ರವೇ ಅಂತಿಮ ಎಂಬ ಸಾಲು. ಅದಕ್ಕೆ ಸಹಿ ಹಾಕಿದ ಮೇಲೆ, ಎಚ್‌ಆರ್ ಅವರು ಇಮೇಲಿನಲ್ಲಿ ಒಪ್ಪಿದ್ದ ಬೋನಸ್ ಪತ್ರದಲ್ಲಿ ಇಲ್ಲದಿದ್ದರೆ, ಆ ಇಮೇಲ್ ತೋರಿಸಿ ವಾದಿಸುವುದು ಕಷ್ಟ. ಹಾಗಾಗಿ ಇಮೇಲ್ ಮತ್ತು ಆಫರ್ ಲೆಟರ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಬಿಟ್ಟುಹೋದದ್ದನ್ನು ಸೇರಿಸಿದ ತಿದ್ದಿದ ಪತ್ರ ತರಿಸಿಕೊಂಡ ಮೇಲಷ್ಟೇ ಸಹಿ ಹಾಕಿ, ಅದರ ನಂತರ ಈಗಿನ ಕೆಲಸಕ್ಕೆ ರಾಜೀನಾಮೆ ಕಳಿಸಬೇಕು.

ನಮಸ್ಕಾರ.